ನೂರು ಗೇರುಬೀಜದಲ್ಲಿ ಆರು

ಅಕ್ಕ ತೀರಿಕೊಳ್ಳುವ ಹಿಂದಿನ ದಿನ ನಾನು ಒಂದು ಸುಲಭದ ಲೆಕ್ಕದಲ್ಲಿ ತಪ್ಪಿದೆ. ಹೊನ್ನಾವರದ ಗೇರುಬೀಜದ ಕಾರ್ಖಾನೆಯಲ್ಲಿ ನಾನು ಗುಮಾಸ್ತ. ಅವಳು ಅಲ್ಲೇ ಕಿಟಕಿ ಬದಿಯ ಮೇಜಿನಲ್ಲಿ ತಿರುಳು ಆರಿಸುವವಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದಳು, ನಾನು ಓದಲಿ ಎಂದು. ನಾನು ಓದಿದ್ದು ಎಷ್ಟು ಸಾರ್ಥಕವಾಯಿತೆಂದು ಆ ದಿನವೇ ಗೊತ್ತಾಯಿತು.

ಭಟ್ಕಳದ ಮಿಠಾಯಿಯವರು ಮದುವೆಯ ಲಾಡುಗಳಿಗೆ ಚೂರುಗೇರು ಬೇಕೆಂದು ಕೇಳಿದ್ದರು. ಸಿಪ್ಪೆ ಸಮೇತ ಐನೂರು ಕಿಲೋ ಬೀಜ ಬಂದಿತ್ತು. ಅದರಲ್ಲಿ ಶೇಕಡಾ ಮೂವತ್ತು ತಿರುಳು, ಆ ತಿರುಳಿನಲ್ಲಿ ಶೇಕಡಾ ಇಪ್ಪತ್ತು ಒಡೆದು ಚೂರಾಗುತ್ತದೆ. ಎಷ್ಟು ಕೊಡಬಹುದೆಂದು ನಾನು ಫೋನಿನಲ್ಲಿ ಹೇಳಬೇಕಿತ್ತು. ಮಾತು ಕೊಟ್ಟಷ್ಟು ಕೊಡದಿದ್ದರೆ ನನ್ನ ಕೆಲಸ ಹೋಗುತ್ತದೆಂದು ಯಜಮಾನರು ಹೇಳಿಯೂ ಇದ್ದರು. ನಾನು ಮೂವತ್ತಕ್ಕೆ ಇಪ್ಪತ್ತು ಕೂಡಿಸಿ ಐವತ್ತು ಮಾಡಿದೆ. ಐನೂರರಲ್ಲಿ ಅರ್ಧ, ಇನ್ನೂರೈವತ್ತು ಕಿಲೋ. ಚೀಟಿಯಲ್ಲಿ ಬರೆದು, ಎಂದಿನಂತೆ ಫೋನಿಗೆ ಮೊದಲು ಬಹಳ ಹೆಮ್ಮೆಯಿಂದ ಅಕ್ಕನಿಗೆ ತೋರಿಸಿದೆ.

ಅವಳು ಚೀಟಿಯನ್ನೂ ನನ್ನನ್ನೂ ನೋಡಿದಳು. "ತಿರುಳೇ ನೂರೈವತ್ತು ಕಿಲೋ ಬತ್ತದೆ. ಚೂರು ಇನ್ನೂರೈವತ್ತು ಎಲ್ಲಿಂದ ತತ್ತೆ ತಮ್ಮಾ? ಸಿಪ್ಪೆನೂ ಕುಟ್ಟಿ ಹಾಕ್ತ್ಯ?"

ಮೇಜಿನ ಹೆಂಗಸರೆಲ್ಲ ನಕ್ಕರು. "ಲಾಡು ತಿಂದವ್ರ ಹಲ್ಲು ಎಂತ ಆಗ್ಬೇಕು?" ಎಂದಳು ಒಬ್ಬಳು.

ಅಕ್ಕ ತಿರುಳುಗಳನ್ನು ಹತ್ತತ್ತರ ಹತ್ತು ಸಾಲಾಗಿ ಇಟ್ಟಳು. "ಇದು ಬಂದ ಬೀಜ ಅಂತ ತಿಳ್ಕೋ. ಏಳು ಸಾಲು ಸಿಪ್ಪೆ," ಎಂದು ಏಳನ್ನು ಆಚೆ ಸರಿಸಿದಳು. "ಉಳಿದ ಮೂರು ಸಾಲಲ್ಲೇ ಚೂರು ಹುಡುಕ್ಬೇಕು. ಹತ್ತಕ್ಕೆ ಎರಡು." ಪ್ರತಿ ಸಾಲಿನಿಂದ ಎರಡೆರಡು ತೆಗೆದಳು.

"ಆರು," ಎಂದೆ.

"ನೂರಕ್ಕೆ ಆರು. ಐನೂರಕ್ಕೆ?"

"ಮೂವತ್ತು."

"ಆತು. ಈಗ ಫೋನ್ ಮಾಡು."

ಶೇಕಡಾ ಇಪ್ಪತ್ತು ಎಂಬುದು ಇಡೀ ನೂರರದ್ದಲ್ಲ, ಆ ಮೂವತ್ತರದ್ದು. ಮೂರು ಸಾಲು, ಸಾಲಿಗೆ ಎರಡು, ಅದಕ್ಕೇ ಗುಣಿಸಬೇಕು. ಶಾಲೆಯ ಲೆಕ್ಕದ ಪುಸ್ತಕದಲ್ಲೂ ಹೀಗೇ ಇತ್ತೇನೋ. ನನಗೆ ನೆನಪಾದದ್ದು ಅದರ ಹರಿದ ರಟ್ಟು ಮಾತ್ರ.

ಮಿಠಾಯಿಯವರಿಗೆ ಮೂವತ್ತು ಕಿಲೋ ಎಂದೆ. ಅವರು ಒಪ್ಪಿದರು, ಕೆಲಸ ಉಳಿಯಿತು. ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ನಮ್ಮೂರು ಮಂಕಿಗೆ ಮರಳಿದೆವು. ದಾರಿಯುದ್ದಕ್ಕೂ ಅವಳು "ಇನ್ನೂರೈವತ್ತು" ಎಂದು ಗೊಣಗಿ ನಗುತ್ತಿದ್ದಳು. ಮರುದಿನ ಬೆಳಿಗ್ಗೆ ಎದೆನೋವೆಂದು ಗೋಡೆಗೊರಗಿ ಕೂತವಳು ಏಳಲಿಲ್ಲ.

ಹದಿಮೂರನೆಯ ದಿನ ಕಳೆದು ಕೆಲಸಕ್ಕೆ ಹೋದಾಗ ಕುಮಟಾದ ಕಡೆಯಿಂದ ಎಂಟುನೂರು ಕಿಲೋ ಬೀಜ ಬಂದಿತ್ತು. ನಾನು ಅವಳ ಮೇಜಿನಲ್ಲಿ ಕೂತು ತಿರುಳುಗಳನ್ನು ಸಾಲಾಗಿ ಇಟ್ಟೆ. ಒಂದು ಸಾಲಿನಲ್ಲಿ ಒಂಬತ್ತೇ ಇತ್ತು. ಎಣಿಸುತ್ತ ಒಂದನ್ನು ತಿಂದುಬಿಟ್ಟಿದ್ದೆ. ಹೆಂಗಸರು ನೋಡಿದರು, ಯಾರೂ ನಗಲಿಲ್ಲ. ಇನ್ನೊಂದನ್ನು ಇಟ್ಟು ಎಣಿಸಿದೆ. ನೂರಕ್ಕೆ ಆರು, ಎಂಟುನೂರಕ್ಕೆ ನಲವತ್ತೆಂಟು ಕಿಲೋ. ಸರಿಯಿತ್ತು.

ಚೀಟಿ ಬರೆದು ಎದ್ದೆ, ತೋರಿಸಿಯೇ ಫೋನ್ ಮಾಡುವ ಅಭ್ಯಾಸದಿಂದ ಅದನ್ನು ಅವಳ ಜಾಗದತ್ತ ಚಾಚಿದೆ. ಕಿಟಕಿ ಬದಿಯಲ್ಲಿ ಅಕ್ಕ ಇರಲಿಲ್ಲ.