ಗಡಿಯ ಎರಡೂ ಬದಿ

ಆ ಸುತ್ತೋಲೆ ಬರೆಯುವ ಕೆಲಸವನ್ನು ನಾನೇ ಬಾಯಿ ಬಿಟ್ಟು ಮೈಮೇಲೆ ಎಳೆದುಕೊಂಡೆ. ವಿಭಾಗದ ಸಭೆಯಲ್ಲಿ ನಮ್ಮ ಮುಖ್ಯಸ್ಥೆ, "ಈ ಸಲದಿಂದ ಬಾರ್ಡರ್‌ಲೈನ್ ಪೇಪರಿಗೆ ಡಬಲ್ ವ್ಯಾಲ್ಯುವೇಶನ್ ಮಾಡೂಣು" ಎಂದರು. ಕನ್ನಡ ವಿಭಾಗದಲ್ಲಿ ಕುಳಿತು ಇದೆಂಥ ಭಾಷೆ ಎಂದು ನಾನು ಗೊಣಗಿದ್ದು ಅವರ ಕಿವಿಗೆ ಬಿತ್ತು.

"ಹಂಗಾರ ಸುತ್ತೋಲೆ ನೀವ ಬರೀರಿ ಸರ್, ಅಚ್ಚಗನ್ನಡದಾಗ."

ವಿಷಯ ಹೊಸದೇನಲ್ಲ. ನಮ್ಮದು ಸ್ವಾಯತ್ತ ಕಾಲೇಜು. ಪ್ರಶ್ನೆಪತ್ರಿಕೆಯೂ ನಮ್ಮದೇ, ತಿದ್ದುವವರೂ ನಾವೇ. ಅರವತ್ತು ಅಂಕದ ಪತ್ರಿಕೆ, ಇಪ್ಪತ್ನಾಲ್ಕು ಬಂದರೆ ಪಾಸು. ಹಿಂದಿನ ಸಲ ಇಪ್ಪತ್ತೆರಡು ಬಿದ್ದಿದ್ದ ಒಬ್ಬ ಹುಡುಗನಿಗೆ ಮರುಮೌಲ್ಯಮಾಪನದಲ್ಲಿ ಮೂವತ್ತನಾಲ್ಕು ಬಂದು ವಿಭಾಗದ ಮಾನ ಹೋಗಿತ್ತು. ಅದಕ್ಕೇ ಈ ಹೊಸ ಪದ್ಧತಿ. ಪಾಸಿನ ಅಂಕಕ್ಕಿಂತ ಮೂರು ಕಡಿಮೆ ಅಥವಾ ಮೂರು ಹೆಚ್ಚಿನವರೆಗೆ, ಅಂದರೆ ಇಪ್ಪತ್ತೊಂದರಿಂದ ಇಪ್ಪತ್ತೇಳರವರೆಗೆ ಬಂದ ಪತ್ರಿಕೆಗಳನ್ನು ಇನ್ನೊಬ್ಬರು ಮೊದಲಿನಿಂದ ತಿದ್ದಬೇಕು. ಮೊದಲನೆಯವರು ಪತ್ರಿಕೆಯ ಮೇಲೆ ಒಂದು ಗೆರೆಯನ್ನೂ ಎಳೆಯಬಾರದು, ಅಂಕಗಳನ್ನು ಬೇರೆ ಹಾಳೆಯಲ್ಲಿ ಬರೆದು ಮುಚ್ಚಿಕೊಡಬೇಕು. ಇಬ್ಬರ ನಡುವಿನ ವ್ಯತ್ಯಾಸ ಆರರೊಳಗಿದ್ದರೆ ಸರಾಸರಿ. ಹೆಚ್ಚಿದ್ದರೆ ಮುಖ್ಯಸ್ಥೆ ಮೂರನೆಯವರಾಗಿ ನೋಡಿ, ಮೂರರಲ್ಲಿ ಹತ್ತಿರದ ಎರಡರ ಸರಾಸರಿ.

ನಾನು ಎರಡು ದಿನ ಕೂತು, ಶಬ್ದಕೋಶ ತೆರೆದಿಟ್ಟುಕೊಂಡು ಬರೆದೆ. ಮೊದಲ ಸಾಲು ಇವತ್ತಿಗೂ ಬಾಯಿಪಾಠ: "ಗಡಿಯ ಎರಡೂ ಬದಿಯ ಉತ್ತರಪತ್ರಿಕೆಗಳನ್ನು ಇನ್ನು ಮುಂದೆ ಇಬ್ಬರು ಮೌಲ್ಯಮಾಪಕರು ಪ್ರತ್ಯೇಕವಾಗಿ ಪರಿಶೀಲಿಸತಕ್ಕದ್ದು." ಬರೆದ ಮೇಲೆ ನನಗೇ ನನ್ನ ಬೆನ್ನು ತಟ್ಟಿಕೊಳ್ಳಬೇಕೆನಿಸಿತು.

ಮುಖ್ಯಸ್ಥೆ ಓದಿ ಕನ್ನಡಕ ತೆಗೆದರು. "ಸರ್, ಬೆಳಗಾವ್ಯಾಗ ಕುಂತು ಗಡಿ ಅಂದ್ರ ಮಂದಿ ಬ್ಯಾರೇನರ ತಿಳಕೊಂತಾರ."

"ಕೆಳಗ ಅಂಕ ಕೊಟ್ಟೇನಲ್ರೀ, ಇಪ್ಪತ್ತೊಂದರಿಂದ ಇಪ್ಪತ್ತೇಳು ಅಂತ. ಓದಾವ್ರಿಗೆ ತಿಳೀತೈತಿ."

"ಓದಾವ್ರಿಗೆ" ಎಂದಷ್ಟೇ ಹೇಳಿ ಅವರು ಸಹಿ ಹಾಕಿದರು. ಆ ಒಂದು ಮಾತನ್ನು ನಾನು ಆಗಲೇ ತಲೆಗೆ ಹಾಕಿಕೊಳ್ಳಬೇಕಿತ್ತು. ಆದರೆ ಮೂವತ್ತು ವರ್ಷ ಪಾಠ ಹೇಳಿದವನಿಗೆ ಬೇರೆಯವರ ಮಾತು ತಲೆಗೆ ಹೋಗುವುದು ಸ್ವಲ್ಪ ತಡವೇ.

ಪರೀಕ್ಷೆ ಮುಗಿದ ಮರುವಾರ, ಬೆಳಗ್ಗೆ ಹಿಂದವಾಡಿಯ ಮನೆಯಿಂದ ಸ್ಕೂಟರಿನಲ್ಲಿ ಬಂದು ಕುರ್ಚಿಯಲ್ಲಿ ಇನ್ನೂ ಸರಿಯಾಗಿ ಕೂತಿರಲಿಲ್ಲ, ಬಾಗಿಲಲ್ಲಿ ಒಬ್ಬ ಹುಡುಗಿ, ಅವಳ ಹಿಂದೆ ಅವಳ ತಾಯಿ. ಖಾನಾಪುರದವರು. ಮೊದಲ ರೈಲಿಗೇ ಹೊರಟು ಬಂದಿದ್ದರು. ಹುಡುಗಿಯ ಮುಖ ನನಗೆ ಗೊತ್ತು. ಡಿಗ್ರಿಯ ಉಳಿದೆಲ್ಲ ಪತ್ರಿಕೆ ಮುಗಿಸಿ ಕನ್ನಡ ಒಂದರಲ್ಲೇ ಉಳಿದವಳು. ಕಳೆದ ವರ್ಷ ಇಪ್ಪತ್ತೆರಡು ಬಂದಿತ್ತು. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ದಿನ ಅವಳಿಗೆ ತಿಳಿಯುವ ಹೊತ್ತಿಗೆ ಮುಗಿದುಹೋಗಿತ್ತು. ಈ ಸಲವೂ ಹೋದರೆ ಬಿ.ಎಡ್. ಸೇರುವುದು ಇನ್ನೊಂದು ವರ್ಷ ಮುಂದಕ್ಕೆ.

"ಸರ್ರ, ನಮ್ಮ ಖಾನಾಪುರದವರ ಪೇಪರ್ ಅಷ್ಟ ಇಬ್ಬಿಬ್ರು ತಿದ್ದತಾರಂತ, ಖರೇ ಏನ್ರಿ?"

"ಯಾರು ಹೇಳಿದ್ರು?"

"ರೈಲಿನಾಗ ಎಲ್ಲಾರೂ ಅದನ್ನ ಮಾತಾಡಾಕತ್ತಾರ್ರಿ. ಗಡಿ ಮಂದೀದು ಬ್ಯಾರೆ ಗಂಟು ಕಟ್ಯಾರಂತ. ಒಬ್ಬರು ಫೇಲ್ ಮಾಡಿದ್ದು ಸಾಲಂಗಿಲ್ಲೇನ್ರಿ ಸರ್ರ?"

ತಾಯಿ ಮರಾಠಿಯಲ್ಲಿ ಏನೋ ಕೇಳಿದರು. ಹುಡುಗಿ ಕನ್ನಡಕ್ಕೆ ತಂದಳು: "ಇಬ್ಬರೂ ಕೂಡಿ ಮಾರ್ಕ್ಸ್ ಕಟ್ ಮಾಡತಾರೋ, ಒಬ್ಬರಾದ ಮ್ಯಾಲೆ ಒಬ್ಬರು ಕಟ್ ಮಾಡತಾರೋ ಅಂತ ಕೇಳಾಕತ್ತಾಳ್ರಿ ನಮ್ಮ ಆಯಿ."

ನನಗೆ ನಗುವೂ ಬಂತು, ಸಿಟ್ಟೂ ಬಂತು. ಇಬ್ಬರನ್ನೂ ಕೂರಿಸಿ, ಬೋರ್ಡಿನ ಮೇಲೆ ಇಪ್ಪತ್ನಾಲ್ಕು ಬರೆದು, ಅದರ ಆಚೆ ಈಚೆ ಗೆರೆ ಎಳೆದು ವಿವರಿಸಿದೆ. ಇದು ಊರಿನ ಗಡಿಯಲ್ಲ, ಅಂಕದ ಗಡಿ. ಯಾರ ಪತ್ರಿಕೆ ಎಂದು ನಮಗೆ ಗೊತ್ತಾಗುವುದೂ ಇಲ್ಲ ಎಂದೆ. ಹುಡುಗಿ ಎದ್ದು ಬಂದು ಇಪ್ಪತ್ನಾಲ್ಕರ ಪಕ್ಕದ ಗೆರೆಯ ಮೇಲೆ ಬೆರಳಿಟ್ಟಳು.

"ಅಂದ್ರ ಪಾಸಿನ ಹಂತ್ಯಾಕ ಬಂದು ನಿಂತವರದು."

"ಹೌದು, ಅಷ್ಟ."

"ಹಂಗಾರ ನಂದು ಅದರಾಗ ಬರತೈತಿ ಬಿಡ್ರಿ. ನಾ ಯಾವತ್ತಿದ್ರೂ ಅಲ್ಲೇ ಇರತೇನ್ರಿ ಸರ್ರ."

ಅವರನ್ನು ಕಳಿಸಿ ನಾನು ನೇರ ಪರೀಕ್ಷಾ ವಿಭಾಗಕ್ಕೆ ಹೋದೆ. ಅಲ್ಲಿಯ ಗುಮಾಸ್ತರು ಹೆಸರು, ನೋಂದಣಿ ಸಂಖ್ಯೆ ಇರುವ ಚೀಟಿ ಹರಿದು ತೆಗೆದು ಸಂಕೇತ ಸಂಖ್ಯೆ ಹಚ್ಚುವವರು. ಅವರೂ ಖಾನಾಪುರದಿಂದಲೇ ದಿನಾ ರೈಲಿನಲ್ಲಿ ಓಡಾಡುತ್ತಾರೆ. ಮೇಜಿನ ಮೇಲೆ ಎರಡು ಗಂಟುಗಳಿದ್ದವು. ಒಂದು ದೊಡ್ಡದು. ಇನ್ನೊಂದು ಕೆಂಪು ಬಟ್ಟೆಯ ಸಣ್ಣ ಗಂಟು, ಮೇಲೆ ದಪ್ಪ ಅಕ್ಷರದಲ್ಲಿ "ಗಡಿ".

"ಬರ್ರಿ ಸರ್ರ, ಕುಂದರ್ರಿ. ನಿಮ್ಮ ಸುತ್ತೋಲೆ ಪ್ರಕಾರ ಎಲ್ಲಾ ತಯಾರೈತಿ" ಎಂದರು ಅವರು, ಅಭಿಮಾನದಿಂದ. "ಅಡ್ಮಿಶನ್ ಫಾರ್ಮ್ ತಗದು, ಅಡ್ರೆಸ್ ನೋಡಿ, ಖಾನಾಪುರ ತಾಲೂಕಿನವು ಒಂದೂ ಬಿಡದಂಗ ಆರಿಸೇನಿ. ಒಂದ ಡೌಟ್ ಉಳದೈತಿ. ಎರಡೂ ಬದಿ ಅಂತ ಬರದೀರಿ. ಚಂದಗಡ ಕಡಿಂದ ಬರೂ ಇಬ್ಬರು ಹುಡುಗೂರದಾರ, ಅವರು ಮಹಾರಾಷ್ಟ್ರದ ಬಾಜು. ಅವರವೂ ಇದರಾಗ ಹಾಕ್ಲ್ಯೋ?"

ಗುಮಾಸ್ತರೆಂದರೆ ಮೂವತ್ತು ವರ್ಷ ಈ ಊರಿನ ಸರ್ಕಾರಿ ಕಾಗದಗಳನ್ನು ಓದಿದ ಮನುಷ್ಯ. ಅವರ ಮೇಜಿಗೆ ಬಂದ ಯಾವ ಪತ್ರದಲ್ಲೂ ಗಡಿ ಎಂಬ ಶಬ್ದಕ್ಕೆ ಎರಡನೆಯ ಅರ್ಥ ಇದ್ದಿರಲಿಲ್ಲ. ಕೆಳಗೆ ಅಂಕ ಬರೆದಿದ್ದೇನಲ್ಲ ಎಂದೆ. "ಅದು ನಿಮ್ಮ ಮಾಸ್ತರ ಮಂದೀ ಹಿಸಾಬು ಅಂತ ನಾ ಓದಲಿಲ್ರಿ" ಎಂದರು. ತಪ್ಪು ಅವರದೆಂದು ನಾನು ವಾದಿಸಲಿಲ್ಲ. ಇನ್ನೂ ಅಂಕವೇ ಬೀಳದ ಪತ್ರಿಕೆ ಅಂಕದ ಗಡಿಯಲ್ಲಿ ಹೇಗಿರುತ್ತದೆ ಎಂದು ಮಾತ್ರ ಕೇಳಿದೆ. ಅವರು ಕೆಂಪು ಗಂಟನ್ನೂ ನನ್ನನ್ನೂ ಒಮ್ಮೆ ನೋಡಿ, "ಅದೂ ಖರೇನ" ಎಂದರು.

ಸುದ್ದಿ ಕೇಳಿ ಮುಖ್ಯಸ್ಥೆ ನಕ್ಕರೋ ಬೈದರೋ ಹೇಳುವುದು ಕಷ್ಟ. ಎರಡನ್ನೂ ಒಟ್ಟಿಗೆ ಮಾಡುವ ಕಲೆ ಅವರಿಗಿದೆ. ಗಂಟುಗಳನ್ನು ಬಿಚ್ಚಿಸಿ, ಎಲ್ಲವನ್ನೂ ಕಲಸಿ, ಹೊಸ ಸಂಕೇತ ಸಂಖ್ಯೆ ಹಚ್ಚಿಸಿದರು. ಗುಮಾಸ್ತರು ಮಧ್ಯಾಹ್ನವಿಡೀ ಗೋಂದು ಮೆತ್ತಿಕೊಂಡು ಕೂತಿದ್ದರು. ಎದುರಿಗೆ ನಾನು, ಚೀಟಿ ಕತ್ತರಿಸುತ್ತ. ಅದು ನನಗೆ ವಿಧಿಸಿದ ಶಿಕ್ಷೆ.

ತಿದ್ದುವುದು ಶುರುವಾಯಿತು. ಪತ್ರಿಕೆಯ ಮೇಲೆ ಏನೂ ಬರೆಯಬಾರದು ಎಂದು ನಾನೇ ಬರೆದಿದ್ದೆ, ಆದರೆ ನನ್ನ ಕೈಗೆ ಅದು ಗೊತ್ತಿರಲಿಲ್ಲ. ಮೊದಲ ಪುಟದಲ್ಲೇ ಕೆಂಪು ಪೆನ್ನು ಒಂದು ತಪ್ಪಿನತ್ತ ಹಾರಿತು. ಮುಖ್ಯಸ್ಥೆ ಬಂದು ಪೆನ್ನು ಕಸಿದುಕೊಂಡು ಒಂದು ಪೆನ್ಸಿಲ್ ತುಂಡು ಕೊಟ್ಟುಹೋದರು.

ಮೂರನೆಯ ದಿನ ಕೈಗೆ ಬಂದ ಒಂದು ಪತ್ರಿಕೆ ನನ್ನ ತಲೆ ಕೆಡಿಸಿತು. 'ನಿಮ್ಮ ಊರಿನ ಒಂದು ಕಸುಬು' ಎಂಬ ಹದಿನೈದು ಅಂಕದ ಪ್ರಬಂಧ. ಹಂಚು ಮಾಡುವುದರ ಬಗ್ಗೆ ಬರೆದಿತ್ತು. "ಮಣ್ಣು ಚಲೋ ಹದಕ್ಕೆ ಬಂದಿಲ್ಲವಾದರೆ ಭಟ್ಟಿಯಲ್ಲಿ ಹಂಚಿನ ಒಂದು ಬಾಜು ಸೊಟ್ಟ ಆಗುತ್ತದೆ. ಖರೇ ಹಂಚು ಬಡಿದು ನೋಡಿದರೆ ಗಣ್ ಅನ್ನುತ್ತದೆ." ಪರೀಕ್ಷೆಯಲ್ಲಿ ಖರೇ! ಬಾಜು! ಸಾಲು ಸಾಲಿಗೆ ಅಂಥವೇ. ಗೆರೆ ಎಳೆಯಲಾಗದ ಸಿಟ್ಟನ್ನೆಲ್ಲ ಅಂಕದ ಹಾಳೆಯ ಮೇಲೆ ತೀರಿಸಿಕೊಂಡೆ. ಪ್ರಬಂಧಕ್ಕೆ ನಾಲ್ಕು, ಒಟ್ಟು ಇಪ್ಪತ್ತೊಂದು. ಹಾಳೆ ಮುಚ್ಚಿ ಕೊಟ್ಟೆ.

ಎರಡನೆಯ ಮೌಲ್ಯಮಾಪಕಿ ನಮ್ಮ ಅತಿಥಿ ಉಪನ್ಯಾಸಕಿ. ಮನೆಯಲ್ಲಿ ದಖನಿ ಉರ್ದು ಮಾತಾಡುವ, ತರಗತಿಯಲ್ಲಿ ನನಗಿಂತ ಚೆನ್ನಾಗಿ ಹಳಗನ್ನಡ ಓದುವ ಯುವತಿ. ಅವರಿಗೆ ಗಡಿಯ ಪತ್ರಿಕೆಗಳ ಜೊತೆ ಬೇರೆ ಕೆಲವನ್ನೂ ಬೆರೆಸಿ ಕೊಟ್ಟಿದ್ದರು, ಯಾವುದು ಗಡಿಯದು ಎಂದು ಊಹಿಸಬಾರದೆಂದು. ನಾಲ್ಕು ದಿನದ ಮೇಲೆ ಮುಖ್ಯಸ್ಥೆ ನಮ್ಮಿಬ್ಬರ ಹಾಳೆಗಳನ್ನು ಪಕ್ಕಪಕ್ಕ ಇಟ್ಟರು. ಹೆಚ್ಚಿನವು ಎರಡು ಮೂರು ಅಂಕದ ವ್ಯತ್ಯಾಸ. ಒಂದರಲ್ಲಿ ಮಾತ್ರ ನನ್ನದು ಇಪ್ಪತ್ತೊಂದು, ಅವರದು ಮೂವತ್ತೆರಡು. ಆ ಪತ್ರಿಕೆಯನ್ನು ಮುಖ್ಯಸ್ಥೆ ಒಳಗೆ ಒಯ್ದು ಒಬ್ಬರೇ ಓದಿ, ಮೂವತ್ತು ಹಾಕಿದರು. ಹತ್ತಿರದ ಎರಡರ ಸರಾಸರಿ ಮೂವತ್ತೊಂದು.

"ಸರ್, ಪ್ರಬಂಧಕ್ಕ ಅಂಕ ಹಂಚಿಕಿ ಮಾಡಿದವರು ಯಾರ್ರಿ?" ಎಂದು ಕೇಳಿದರು.

"ನಾನ."

"ವಿಷಯಕ್ಕ ಎಂಟು, ನಿರೂಪಣೆಗೆ ನಾಲ್ಕು, ಭಾಷೆಗೆ ಮೂರು. ಭಾಷಾ ಪೂರಾ ಕೆಟ್ಟಿದ್ರೂ ನೀವು ಮೂರು ಕಟ್ ಮಾಡಬಹುದಿತ್ತು. ಹನ್ನೊಂದು ಕಟ್ ಮಾಡೀರಿ. ಉಳಿದ ಎಂಟು ಎಲ್ಲಿ ಹೋದುವು?"

"ಖರೇ ಹೇಳಬೇಕಂದ್ರ ಮೇಡಂ..." ಎಂದು ನಾನು ಬಾಯಿ ತೆರೆದೆ.

ಅತಿಥಿ ಉಪನ್ಯಾಸಕಿ ನೋಟು ಪುಸ್ತಕದಿಂದ ಮುಖ ಮುಚ್ಚಿಕೊಂಡರು. ಮುಖ್ಯಸ್ಥೆಗೆ ಅಷ್ಟೂ ದಾಕ್ಷಿಣ್ಯವಿರಲಿಲ್ಲ, ಮೇಜು ಬಡಿದು ನಕ್ಕರು. ನನಗೂ ನಗದೆ ಬೇರೆ ದಾರಿ ಇರಲಿಲ್ಲ. ಆ ಹಂಚಿನ ಪ್ರಬಂಧವನ್ನು ಅವತ್ತು ಇನ್ನೊಮ್ಮೆ ಓದಿದೆ. ಎಲ್ಲಿಯೂ ನನಗೆ ಅರ್ಥವಾಗದ ಒಂದು ಸಾಲೂ ಇರಲಿಲ್ಲ. ನನ್ನ ಅಚ್ಚಗನ್ನಡದ ಸುತ್ತೋಲೆಯ ಬಗ್ಗೆ ಹಾಗೆ ಹೇಳುವಂತಿರಲಿಲ್ಲ.

ಸುತ್ತೋಲೆಯನ್ನು ತಿದ್ದಿ ಬರೆದೆ: "ಪಾಸಿನ ಅಂಕದ ಆಚೆ ಈಚೆ ಮೂರು ಅಂಕದೊಳಗೆ ಬಂದ ಪೇಪರುಗಳನ್ನು ಇಬ್ಬರು ನೋಡಬೇಕು." ಗುಮಾಸ್ತರು ಓದಿ, "ಇದನ್ನ ಮೊದಲ ಹಿಂಗ ಬರದಿದ್ರ ನನ್ನ ಅರ್ಧಾ ಬಾಟ್ಲಿ ಗೋಂದು ಉಳೀತಿತ್ತಲ್ರೀ ಸರ್ರ" ಎಂದು ನೋಟಿಸ್ ಬೋರ್ಡಿಗೆ ಅಂಟಿಸಿದರು.

ಫಲಿತಾಂಶ ಬಂದ ಮರುದಿನ ಆ ಹುಡುಗಿ ಬಂದಳು. ಈ ಸಲ ತಾಯಿಯ ಮುಖದಲ್ಲೂ ನಗು.

"ಮೂವತ್ತೊಂದು ಬಂದಾವ್ರಿ ಸರ್ರ! ನಮ್ಮ ಅಪ್ಪನ ಹಂಚಿನ ಭಟ್ಟೀ ಮ್ಯಾಲೆ ಬರದಿದ್ದೆ. ಬಿ.ಎಡ್. ಫಾರ್ಮ್ ಇವತ್ತ ತುಂಬಾಕ ಹೊಂಟೇವಿ." ಆಮೇಲೆ ದನಿ ತಗ್ಗಿಸಿ, "ಇಬ್ಬರು ನೋಡಿದ್ದಕ್ಕ ಆತಲ್ರೀ? ಅವರ್ಯಾರು ಅಂತ ನೀವು ಹೇಳಂಗಿಲ್ಲ, ಗೊತ್ತೈತ್ರಿ. ಆದ್ರ ಒಬ್ಬರು ನೀವ ಅಂತ ನಮ್ಮ ಆಯಿ ಹೇಳಾಕತ್ತಾಳ. ಅವತ್ತು ಕುಂದರಿಸಿ ಅಷ್ಟು ಚಲೋ ತಿಳಿಸಿ ಹೇಳಿದ್ರಲ್ಲಾ" ಎಂದಳು.

ತಾಯಿ ಕೈ ಮುಗಿದರು. ತಿದ್ದಿದವರು ಯಾರೆಂದು ಹೇಳಬಾರದೆಂದು ಸುತ್ತೋಲೆಯಲ್ಲಿ ನಾನೇ ಬರೆದಿದ್ದೆ. ಆ ನಿಯಮ ಬರೆದದ್ದಕ್ಕೆ ನನಗೆ ಅವತ್ತು ಒಂದೇ ಸಲ ಸಮಾಧಾನವೂ ನಾಚಿಕೆಯೂ ಆದವು. "ಚಲೋ ಆತವ್ವಾ, ಮೊದಲ ಫಾರ್ಮ್ ತುಂಬ್ರಿ, ಹೋಗ್ರಿ" ಎಂದೆ.

ಅವರು ಹೋದ ಮೇಲೆ ಲೆಕ್ಕ ಹಾಕಿದೆ. ಮೂವತ್ತೊಂದರಲ್ಲಿ ನನ್ನದು ಒಂದು ಅಂಕವೂ ಇರಲಿಲ್ಲ. ಕಳೆದ ವರ್ಷ ಅವಳಿಗೆ ಬಿದ್ದ ಇಪ್ಪತ್ತೆರಡು ಮಾತ್ರ ಪೂರ್ತಿ ನನ್ನದೇ. ಆಗ ಆ ಪತ್ರಿಕೆಗಳನ್ನೆಲ್ಲ ನಾನೊಬ್ಬನೇ ತಿದ್ದಿದ್ದೆ.