ರೂಪಾಯಿ ಬಡ್ಡಿ ಅಂತ ನಾನು ಹೇಳಿದ್ದು

ನಮ್ಮ ಮನೆಯಲ್ಲಿ ಬಡ್ಡಿಯನ್ನು ಯಾರೂ ಶೇಕಡಾ ಇಷ್ಟು ಅಂತ ಹೇಳುತ್ತಿರಲಿಲ್ಲ. ಬರಗೂರು ಕಡೆಯ ನಮ್ಮೂರಿನಲ್ಲಿ ಅಪ್ಪ ಸಾಲ ಕೊಟ್ಟರೂ, ತಂದರೂ ಮಾತು ಒಂದೇ: ರೂಪಾಯಿ ಬಡ್ಡಿ, ಒಂದೂವರೆ ರೂಪಾಯಿ ಬಡ್ಡಿ, ಎರಡು ರೂಪಾಯಿ ಬಡ್ಡಿ. ನೂರು ರೂಪಾಯಿಗೆ ತಿಂಗಳಿಗೆ ಎಷ್ಟು ಅನ್ನುವ ಲೆಕ್ಕ ಅದು. ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ ನೂರಕ್ಕೆ ಹನ್ನೆರಡು. ಅಷ್ಟಕ್ಕೆ ಸಾಲ ಸಿಕ್ಕಿತು ಅಂದರೆ ತಗೊಂಡವನ ಅದೃಷ್ಟ ಖುಲಾಯಿಸಿತು ಅಂತಲೇ ಊರಿನವರು ಮಾತಾಡಿಕೊಳ್ಳುತ್ತಿದ್ದರು.

ನಾನು ಪುರವರದ ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಸರಳ ಬಡ್ಡಿ ನನಗೆ ನೀರು ಕುಡಿದಷ್ಟು ಸಲೀಸು. ನೆಂಟರಿಷ್ಟರಲ್ಲಿ ಯಾರಿಗೆ ಸಾಲ ಬೇಕಾದರೂ ಮೊದಲು ನನಗೇ ಫೋನು. ಅದರ ಬಗ್ಗೆ ನನಗೆ ಜಂಬವಿತ್ತು, ಇಲ್ಲ ಅಂತ ಯಾಕೆ ಹೇಳಲಿ? ನಾನು ಹೂಂ ಅಂದರೆ ಹೂಂ, ಬೇಡ ಅಂದರೆ ಬೇಡ.

ನನ್ನ ತಂಗಿ ಕೊರಟಗೆರೆಯ ಆಸ್ಪತ್ರೆಯಲ್ಲಿ ನರ್ಸು. ಹೋದ ವರ್ಷ ಅವಳ ಮಗಳಿಗೆ ತುಮಕೂರಿನಲ್ಲಿ ಫಿಸಿಯೋಥೆರಪಿ ಸೀಟು ಸಿಕ್ಕಿತು. ಫೀಸು, ಹಾಸ್ಟೆಲ್ಲು ಎಲ್ಲ ಸೇರಿ ಮೂರು ಲಕ್ಷ ಕಡಿಮೆ ಬಿತ್ತು. ಮುಂದಿನ ಸೋಮವಾರ ಸಂಜೆಯೊಳಗೆ ಕಟ್ಟದಿದ್ದರೆ ಸೀಟು ಪಟ್ಟಿಯ ಮುಂದಿನ ಹುಡುಗಿಗೆ ಹೋಗುತ್ತದೆ ಅಂತ ಕಾಲೇಜಿನವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಆ ಮಂಗಳವಾರ ತಂಗಿ ಫೋನು ಮಾಡಿದಾಗ ಅವಳ ಉಸಿರೇ ಒಂದು ಥರ ಇತ್ತು.

"ಅಕ್ಕಾ, ನಂ ಸಂಬಳ ಬರೋ ಬ್ಯಾಂಕಲ್ಲಿ ಕೇಳ್ದೆ. ಹದಿನೈದು ಪರ್ಸೆಂಟ್ ಅಂದ್ರು. ಮಧುಗಿರೀಲಿ ಒಂದು ಫೈನಾನ್ಸ್ ಐತೆ, ಅವ್ರು ಹನ್ನೆರಡಕ್ಕೆ ಕೊಡ್ತಾರಂತೆ. ಅದೂ ಅವತ್ತೇ ದುಡ್ಡು. ಏನ್ ಮಾಡ್ಲಿ?"

"ಅದ್ರಲ್ಲಿ ಕೇಳೋದೇನೇ? ರೂಪಾಯಿ ಬಡ್ಡಿ ಬುಟ್ಟು ಹದಿನೈದಕ್ಕೆ ಯಾರಾದ್ರೂ ಹೋಯ್ತಾರಾ? ನಾಳೆ ರಜ ಹಾಕು, ನಾನೂ ಬತ್ತೀನಿ" ಅಂದೆ. ಫೋನಿಟ್ಟ ಮೇಲೂ ಆ ಬ್ಯಾಂಕಿನವರನ್ನು ಬೈಯುತ್ತಲೇ ಇದ್ದೆ. ಸಂಬಳದವರನ್ನು ಕಂಡರೆ ಇವರಿಗೆ ಸುಲಿಯುವುದೇ ಕೆಲಸ ಅಂತ.

ಬುಧವಾರ ಇಬ್ಬರೂ ಮಧುಗಿರಿಯ ಆ ಕಚೇರಿಗೆ ಹೋದೆವು. ಬಸ್‌ಸ್ಟ್ಯಾಂಡಿನ ಹತ್ತಿರ, ಮೆಡಿಕಲ್ ಸ್ಟೋರಿನ ಮಹಡಿ ಮೇಲೆ. ಎದುರು ಕೂತಿದ್ದ ಯುವಕ ಒಳ್ಳೆಯ ಮಾತಿನವನು. ನೀರು ತರಿಸಿದ, ಕಾಫಿ ತರಿಸಿದ. ಮೂರು ಲಕ್ಷ, ಮೂವತ್ತಾರು ಕಂತು, ತಿಂಗಳಿಗೆ ಹನ್ನೊಂದು ಸಾವಿರದ ಮುನ್ನೂರ ಮೂವತ್ಮೂರು ಅಂತ ಬರೆದು ತೋರಿಸಿದ.

ನಾನು ಅಲ್ಲೇ ಬಾಯಲ್ಲಿ ಲೆಕ್ಕ ಹಾಕಿದೆ. ಮೂರು ಲಕ್ಷಕ್ಕೆ ರೂಪಾಯಿ ಬಡ್ಡಿ ಅಂದರೆ ತಿಂಗಳಿಗೆ ಮೂರು ಸಾವಿರ. ಮೂವತ್ತಾರು ತಿಂಗಳಿಗೆ ಒಂದು ಲಕ್ಷದ ಎಂಟು ಸಾವಿರ. ಅಸಲು ಸೇರಿದರೆ ನಾಲ್ಕು ಲಕ್ಷದ ಎಂಟು ಸಾವಿರ. ಅದನ್ನು ಮೂವತ್ತಾರರಿಂದ ಭಾಗಿಸಿದರೆ ಅವನು ಬರೆದದ್ದೇ ಬಂತು. "ಸರಿಯಾಗೈತೆ. ಒಂದ್ರುಪಾಯಿ ಹೆಚ್ಚಿಗೆ ಹಾಕಿಲ್ಲ" ಅಂತ ತಂಗಿಗೆ ಹೇಳಿದೆ. ಆ ಹುಡುಗ, "ಮೇಡಂ ಟೀಚರಾ? ಎಷ್ಟು ಬೇಗ ಹೇಳಿಬಿಟ್ರಿ" ಅಂದ. ಉಬ್ಬಿಹೋದೆ.

ತಂಗಿಗೆ ಎಷ್ಟು ಹಿಡಿತ ಮಾಡಿದರೂ ತಿಂಗಳಿಗೆ ಉಳಿಯುತ್ತಿದ್ದದ್ದು ಹತ್ತೂವರೆ ಸಾವಿರ. ಮಿಕ್ಕಿದ್ದಕ್ಕೆ ಮಗಳ ಹೆಸರಲ್ಲಿ ಕಟ್ಟುತ್ತಿದ್ದ ಚೀಟಿ ನಿಲ್ಲಿಸುತ್ತೇನೆ ಅಂದಳು. ಪೆನ್ನು ಕೈಗೆ ತಗೊಂಡಳು. ಸಹಿ ಹಾಕುವ ಮೊದಲು ಆ ಕಾಗದವನ್ನು ಇನ್ನೊಮ್ಮೆ ನೋಡಿದಳು.

"ಈ ಹನ್ನೊಂದು ಸಾವಿರದಲ್ಲಿ ಅಸಲೆಷ್ಟು, ಬಡ್ಡಿಯೆಷ್ಟು ಸಾರ್?"

"ಅಸಲು ಎಂಟು ಸಾವಿರದ ಮುನ್ನೂರ ಮೂವತ್ಮೂರು, ಬಡ್ಡಿ ಮೂರು ಸಾವಿರ ಮೇಡಂ. ಪ್ರತಿ ತಿಂಗಳೂ ಅಷ್ಟೇ."

"ಅಂದ್ರೆ ಎರಡು ವರ್ಷಕ್ಕೆ ಎರಡು ಲಕ್ಷ ಅಸಲು ವಾಪಸ್ ಕೊಟ್ಟಿರ್ತೀನಿ. ಆಮೇಲೂ ಮೂರು ಸಾವಿರ ಬಡ್ಡಿ ಯಾಕೆ?"

"ಇದು ಫ್ಲಾಟ್ ರೇಟ್ ಮೇಡಂ. ಮೊದಲು ತಗೊಂಡ ಮೊತ್ತದ ಮೇಲೇ ಕೊನೇವರೆಗೂ ಬಡ್ಡಿ."

"ಲೇ, ಸುಮ್ನೆ ಸೈನ್ ಹಾಕೇ. ನಿಂಗೆ ಲೆಕ್ಕ ಗೊತ್ತಾಗಲ್ಲ" ಅಂತ ಗದರಿದೆ. ಹೌದು, ಆ ಹುಡುಗನ ಎದುರಿಗೇ ಗದರಿದೆ. ತಂಗಿ ನನ್ನ ಮುಖ ನೋಡಿದಳು. ಪೆನ್ನು ಕಾಗದಕ್ಕೆ ಮುಟ್ಟಿಸಿದಳು. ಆದರೆ ಅವಳ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಅಪ್ಪನ ಹತ್ತಿರ ರೂಪಾಯಿ ಬಡ್ಡಿಗೆ ಒಂದು ಲಕ್ಷ ತಗೊಂಡವರು ತಿಂಗಳಿಗೆ ಸಾವಿರ ಬಡ್ಡಿ ಕೊಡುತ್ತಿದ್ದರು, ನಿಜ. ಯಾಕೆಂದರೆ ಆ ಲಕ್ಷ ಪೂರ್ತಿ ಅವರ ಕೈಯಲ್ಲೇ ಇರುತ್ತಿತ್ತು. ನಡುವೆ ಐವತ್ತು ಸಾವಿರ ತಂದು ಕೊಟ್ಟರೆ ಮುಂದಿನ ತಿಂಗಳಿಂದ ಐನೂರೇ. ವಾಪಸ್ ಕೊಟ್ಟ ದುಡ್ಡಿಗೆ ಅಪ್ಪ ಬಡ್ಡಿ ಕೇಳಿದ್ದರೆ ಊರಿನವರು ಛೀಮಾರಿ ಹಾಕುತ್ತಿದ್ದರು. ನಾನು ಆ ಹೆಸರೊಂದನ್ನೇ ಹಿಡಿದುಕೊಂಡು, ಆ ಪದ್ಧತಿಯನ್ನು ಮರೆತೇಬಿಟ್ಟಿದ್ದೆ.

"ತಡಿಯೇ!" ಅಂತ ಕೂಗಿಬಿಟ್ಟೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. ತಂಗಿಯ ಕೈಯಿಂದ ಪೆನ್ನು ಕಿತ್ತುಕೊಂಡು ಕಾಗದದ ಹಿಂದೆಯೇ ಬರೆದೆ. ಎರಡು ವರ್ಷ ಮುಗಿದಾಗ ಉಳಿಯುವ ಅಸಲು ಒಂದು ಲಕ್ಷ. ಅದಕ್ಕೆ ತಿಂಗಳಿಗೆ ಮೂರು ಸಾವಿರ ಅಂದರೆ ಮೂರು ರೂಪಾಯಿ ಬಡ್ಡಿ. ಕೊನೆಯ ತಿಂಗಳು ಉಳಿಯುವುದು ಎಂಟು ಸಾವಿರದ ಚಿಲ್ಲರೆ. ಅದಕ್ಕೂ ಅದೇ ಮೂರು ಸಾವಿರ. ಭಾಗಿಸಿ ನೋಡಿದರೆ ಮೂವತ್ತಾರು ರೂಪಾಯಿ ಬಡ್ಡಿ! ನಮ್ಮೂರಲ್ಲಿ ಯಾವ ದುಷ್ಟನೂ ಬಾಯಿಬಿಟ್ಟು ಕೇಳದ ಬಡ್ಡಿ.

ಆ ಹುಡುಗನಿಗೆ ಕಾಗದ ತೋರಿಸಿ, "ಏನಪ್ಪಾ ಇದು?" ಅಂದೆ. ಅವನು ಸಿಟ್ಟಾಗಲಿಲ್ಲ. "ನಾವೇನೂ ಮುಚ್ಚಿಟ್ಟಿಲ್ಲ ಮೇಡಂ, ಎರಡನೇ ಪುಟದಲ್ಲೇ ಇದೆ" ಅಂತ ಪುಟ ತಿರುಗಿಸಿದ. ವಾರ್ಷಿಕ ದರ ಅಂತ ಅಲ್ಲಿ ಅಚ್ಚಾಗಿತ್ತು: ಇಪ್ಪತ್ತೊಂದಕ್ಕಿಂತ ಸ್ವಲ್ಪ ಹೆಚ್ಚು. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವ ಲೆಕ್ಕಕ್ಕೆ ತಂದರೆ ಅವರ ಹನ್ನೆರಡೇ ಇಪ್ಪತ್ತೊಂದನ್ನು ದಾಟುತ್ತಿತ್ತು. ಗಣಿತದ ಟೀಚರ್ ಮೊದಲ ಪುಟದಲ್ಲೇ ಮೆರೆದಿದ್ದಳು, ಎರಡನೇ ಪುಟ ತಿರುಗಿಸಿರಲಿಲ್ಲ. ಸಹಿ ಹಾಕಿಸದೆ ತಂಗಿಯನ್ನು ಎಬ್ಬಿಸಿಕೊಂಡು ಹೊರಟೆ.

ಮೆಟ್ಟಿಲಿಳಿದು ಬಂದ ಮೇಲೆ ತಂಗಿ ಹೆದರಿದಳು. "ಅಕ್ಕಾ, ಇಲ್ಲಿ ಸಾಯಂಕಾಲಕ್ಕೆ ದುಡ್ಡು ಬತ್ತಿತ್ತು. ಬ್ಯಾಂಕ್ನೋರು ತಡ ಮಾಡಿದ್ರೆ ಸೀಟು ಹೋಯ್ತದೆ ಕಣಕ್ಕ. ಹೆಚ್ಚಾದ್ರೆ ಆಗ್ಲಿ ಬುಡು, ಇಲ್ಲೇ ತಗೊಳ್ಳೋಣ" ಅಂದಳು. ಅವಳ ಭಯ ಸುಳ್ಳಾಗಿರಲಿಲ್ಲ. ಬಡ್ಡಿ ಮೂರು ವರ್ಷದ ಮಾತು, ಸೀಟು ಐದು ದಿನದ ಮಾತು. "ಮೊದ್ಲು ಬ್ಯಾಂಕಿಗೆ ಹೋಗಿ ಕೇಳೋಣ. ಆಗಲ್ಲ ಅಂದ್ರೆ ವಾಪಸ್ ಬರೋಣ" ಅಂದೆ. ಕೊರಟಗೆರೆಯ ಖಾಸಗಿ ಬಸ್ಸು ಹೊರಡುವುದರಲ್ಲಿತ್ತು, ಓಡಿ ಹತ್ತಿದೆವು.

ಬ್ಯಾಂಕಿನಲ್ಲಿ ಸಾಲದ ಮೇಜಿಗೆ ಕೂತಿದ್ದವರು ನಡುವಯಸ್ಸಿನ ಹೆಂಗಸು. ಕಂತಿನ ಪಟ್ಟಿ ಮುದ್ರಿಸಿ ಕೊಟ್ಟರು. ತಿಂಗಳಿಗೆ ಹತ್ತು ಸಾವಿರದ ನಾನೂರು. ಮೊದಲ ತಿಂಗಳ ಬಡ್ಡಿ ನೋಡಿ ನನ್ನ ಪಿತ್ತ ನೆತ್ತಿಗೇರಿತು: ಮೂರು ಸಾವಿರದ ಏಳುನೂರ ಐವತ್ತು!

"ಆ ಫೈನಾನ್ಸಿನವರೇ ಮೂರು ಸಾವಿರ ತಗೋತಾರೆ, ನೀವು ಅವರಿಗಿಂತ ಹೆಚ್ಚು?" ಅಂದೆ.

"ಪಟ್ಟಿ ಕೆಳಗಡೆ ನೋಡಿ ಮೇಡಂ" ಅಂದರು ಆಕೆ, ಇಂಥವರನ್ನು ದಿನಾ ನೋಡುವವರ ಹಾಗೆ. ಬೆರಳಿಟ್ಟು ಇಳಿಯುತ್ತಾ ಹೋದೆ. ಪ್ರತಿ ತಿಂಗಳೂ ಅಸಲು ಕರಗಿದಷ್ಟು ಬಡ್ಡಿಯೂ ಇಳಿಯುತ್ತಿತ್ತು. ಕಂತು ಮಾತ್ರ ಅಷ್ಟೇ, ಅದರೊಳಗೆ ಬಡ್ಡಿಯ ಪಾಲು ತಗ್ಗಿ ಅಸಲಿನ ಪಾಲು ಏರುತ್ತಿತ್ತು. ಹತ್ತನೇ ತಿಂಗಳಿಗೆ ಬಡ್ಡಿ ಮೂರು ಸಾವಿರಕ್ಕಿಂತ ಕೆಳಗೆ. ಕೊನೆಯ ತಿಂಗಳು ನೂರ ಇಪ್ಪತ್ತೆಂಟು ರೂಪಾಯಿ. ಮೂರು ವರ್ಷದ ಒಟ್ಟು ಬಡ್ಡಿ ಎಪ್ಪತ್ನಾಲ್ಕು ಸಾವಿರದ ಚಿಲ್ಲರೆ. ಹನ್ನೆರಡು ಅಂದವನದು ಒಂದು ಲಕ್ಷದ ಎಂಟು ಸಾವಿರ, ಹದಿನೈದು ಅಂದವರದು ಎಪ್ಪತ್ನಾಲ್ಕು! ಮೂವತ್ಮೂರು ಸಾವಿರಕ್ಕೂ ಮೇಲೆ ವ್ಯತ್ಯಾಸ. ಶುಲ್ಕಗಳನ್ನೂ ಕೇಳಿದೆ, ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಅಪ್ಪನ ಲೆಕ್ಕ ಇದ್ದದ್ದು ಈ ಬ್ಯಾಂಕಿನ ಪಟ್ಟಿಯಲ್ಲಿ, ಆ ಫೈನಾನ್ಸಿನ ರೂಪಾಯಿ ಬಡ್ಡಿಯಲ್ಲಲ್ಲ.

"ಸಂಬಳ ಇಲ್ಲೇ ಬರೋದ್ರಿಂದ ಶುಕ್ರವಾರ ಆಗಬಹುದು. ತಡ ಅಂದ್ರೆ ಸೋಮವಾರ ಮಧ್ಯಾಹ್ನ" ಅಂದರು ಆಕೆ. ತಂಗಿ ನನ್ನ ಕಡೆ ನೋಡಿದಳು. ಈ ಸಲ ನಾನು ಪಟ್ಟಿಯನ್ನು ಅವಳ ಮುಂದಕ್ಕೆ ಸರಿಸಿದೆ. ಅವಳೇ ಅದನ್ನು ಮೇಲಿಂದ ಕೆಳಗಿನವರೆಗೆ ಓದಿದಳು, ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. ಆಮೇಲೆ "ಎಲ್ಲಿ ಸೈನ್ ಹಾಕ್ಬೇಕು ಮೇಡಂ?" ಅಂತ ಕೇಳಿದಳು.

ಶುಕ್ರವಾರ ಬರಲಿಲ್ಲ. ಶನಿವಾರ, ಭಾನುವಾರ ನನಗೆ ಒಂದೇ ಯೋಚನೆ. ಸೀಟು ಹೋಯಿತು ಅಂದರೆ ಮೂವತ್ಮೂರು ಸಾವಿರ ಉಳಿಸಿದ ಜಾಣೆ ಅಂತ ನನ್ನನ್ನು ಯಾರಾದರೂ ಮೆಚ್ಚುತ್ತಾರಾ? ಸೋಮವಾರ ಮೂರನೇ ಪಿರಿಯಡ್ಡಿನಲ್ಲಿದ್ದಾಗ ಫೋನು ಬಂತು. ದುಡ್ಡು ಖಾತೆಗೆ ಬಿದ್ದಿತ್ತು, ಫೀಸೂ ಕಟ್ಟಿಯಾಗಿತ್ತು.

ಸಂಜೆ ಅವಳ ಮನೆಗೆ ಹೋದೆ. ಮಗಳು ಹಾಸ್ಟೆಲ್ಲಿಗೆ ಬಟ್ಟೆ ಜೋಡಿಸುತ್ತಿದ್ದಳು. ಅಡುಗೆಮನೆಯಲ್ಲಿ ತಂಗಿ ಒಬ್ಬಳೇ ಇದ್ದಾಗ ಹೇಳಿದೆ: "ತಪ್ಪಾಯ್ತು ಕಣೇ. ಆ ಹುಡುಗನ ಮುಂದೆ ನಿನ್ನ ಅಂಗೆ ಗದರಬಾರದಿತ್ತು. ನೀನು ಕೇಳಿದ್ದೇ ಸರಿ."

ಅವಳು ಒಲೆ ಸಣ್ಣಗೆ ಮಾಡಿದಳು. "ನೀನು ಗದರಿದ್ದಕ್ಕಲ್ಲ ಅಕ್ಕ ನಂಗೆ ಭಯ ಆಗಿದ್ದು. ನಂಗೆ ಅನುಮಾನ ಬಂದಿತ್ತು. ಆದ್ರೂ ನೀನು ಸೈನ್ ಹಾಕು ಅಂದ್ಯಲ್ಲ, ಹಾಕ್ಬುಡ್ತಿದ್ದೆ" ಅಂದಳು.

ಇಷ್ಟು ವರ್ಷ ನನ್ನ ಮಾತಿನ ಮೇಲೆ ಎಷ್ಟು ಜನ ಹಾಗೆ ಸಹಿ ಹಾಕಿಬಿಟ್ಟಿದ್ದಾರೋ ಅಂತ ಮೊದಲ ಸಲ ಅನ್ನಿಸಿತು. ಇಬ್ಬರ ಹೆಸರಂತೂ ಆಗಲೇ ನೆನಪಿಗೆ ಬಂತು. ಒಬ್ಬರ ಕಂತು ಇನ್ನೂ ನಡೆಯುತ್ತಿತ್ತು. ಸಾಲದ ಕಾಗದದ ಎರಡನೇ ಪುಟ ತೆಗೆದು ನೋಡಿ ಅನ್ನಲು ಅಲ್ಲೇ ಬಾಗಿಲ ಹೊರಗೆ ನಿಂತು ಅವರಿಗೆ ಫೋನು ಮಾಡಿದೆ.