ನೋಟೀಸು ಲಗತ್ತಿಸಿಲ್ಲ

ನನಗೆ ಸಿಟ್ಟು ಬೇಗ ಬರುತ್ತದೆ, ಬೇಗ ಇಳಿಯುತ್ತದೆ ಎಂದು ಮನೆಯವರು ಹೇಳುತ್ತಾರೆ. ಈ ಒಂದು ಸಿಟ್ಟು ಮಾತ್ರ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ರೇಷ್ಮೆ ಇಲಾಖೆಯಲ್ಲಿ ಪ್ರದರ್ಶಕನಾಗಿದ್ದೆ. ಹೆಸರು ಕೇಳಿ ಯಾರೂ ಏನೇನೋ ಅಂದುಕೊಳ್ಳಬೇಕಾಗಿಲ್ಲ. ಸೈಕಲ್ ತುಳಿದುಕೊಂಡು ಹಳ್ಳಿ ಹಳ್ಳಿಗೆ ಹೋಗಿ, ಹುಳ ಸಾಕುವ ಮನೆಗಳಲ್ಲಿ ತಟ್ಟೆ ನೋಡಿ, ಸುಣ್ಣ ಹೊಡೆಯಿರಿ, ಒದ್ದೆ ಸೊಪ್ಪು ಹಾಕಬೇಡಿ ಎಂದು ಹೇಳಿ ಬರುವ ಕೆಲಸ. ಮುಳಬಾಗಿಲು ತಾಲ್ಲೂಕಿನಲ್ಲಿ ಬೈರಕೂರಿನ ಕಡೆಯ ಹಳ್ಳಿಗಳು ನನ್ನ ಪಾಲಿಗೆ ಬಂದಿದ್ದವು. ಅಲ್ಲಿ ಅರ್ಧ ಮಾತು ಕನ್ನಡ, ಅರ್ಧ ತೆಲುಗು.

ಆ ಹಳ್ಳಿಗಳೊಂದರಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸು ಹುಳ ಸಾಕುತ್ತಿದ್ದಳು. ನನಗಿಂತ ಐದಾರು ವರ್ಷ ದೊಡ್ಡವಳು, ನಾನು ಅಕ್ಕ ಎನ್ನುತ್ತಿದ್ದೆ. ಮನೆಯ ಹಿಂದೆ ಅವಳ ಹಿಪ್ಪುನೇರಳೆ ತೋಟ. ಆ ತೋಟ ತನಗೆ ಸೇರಬೇಕು ಎಂದು ಮೈದುನನ ಹಟ. ಒಂದು ಬೆಳಿಗ್ಗೆ ನಾನು ತಟ್ಟೆ ನೋಡಲು ಹೋದಾಗ ಹುಳಗಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಕೂತಿದ್ದವು. ಆ ಹೊತ್ತಿಗೆ ಅವಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಹೊಟ್ಟೆಗೆ ಬೀಳದಿದ್ದರೆ ಅಷ್ಟು ದಿನದ ಸಾಕಣೆ ನೀರುಪಾಲು. ಅದನ್ನು ಚೆನ್ನಾಗಿ ತಿಳಿದವನೇ ಆ ಮೈದುನ. ಮಚ್ಚು ಹಿಡಿದು ಗಿಡಗಳನ್ನು ಬುಡದಿಂದ ಕಡಿಯುತ್ತಿದ್ದ. ಅಕ್ಕ ಓಡಿಹೋಗಿ ಕೈ ಅಡ್ಡ ಹಿಡಿದಳು. ಅವನು ಮಚ್ಚು ತಿರುಗಿಸಿ ಅದರ ಹಿಡಿಯಿಂದ ಅವಳ ಮುಂಗೈಗೆ ಹೊಡೆದ. ನಾನು ಹತ್ತು ಮಾರು ದೂರದಲ್ಲಿದ್ದೆ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು.

ಮುಳಬಾಗಿಲಿನ ಸರ್ಕಾರಿ ಆಸ್ಪತ್ರೆಗೆ ಅವಳನ್ನು ಕರೆದುಕೊಂಡು ಹೋದವನು ನಾನೇ. ಪೊಲೀಸರು ನನ್ನ ಹೇಳಿಕೆಯನ್ನೂ ಬರೆದುಕೊಂಡರು. ನೋಡಿದವರು ಊರಿನಲ್ಲಿ ಇನ್ನೂ ಇಬ್ಬರಿದ್ದರು. ಅವರು ಅದೇ ಊರಿನಲ್ಲಿ ಬಾಳಬೇಕಾದವರು. ಮೊಕದ್ದಮೆ ಮುಳಬಾಗಿಲು ಮ್ಯಾಜಿಸ್ಟ್ರೇಟರ ಮುಂದೆ ಬರುವ ಹೊತ್ತಿಗೆ ಇಬ್ಬರೂ ನಾವೇನೂ ನೋಡಿಲ್ಲ ಎಂದು ತಿರುಗಿಬಿದ್ದರು. ಅಷ್ಟರಲ್ಲಿ ನನಗೆ ಮಾಲೂರಿಗೆ ವರ್ಗವಾಗಿತ್ತು. ಅಕ್ಕನ ಪರವಾಗಿ ಕಣ್ಣಾರೆ ಕಂಡದ್ದನ್ನು ಹೇಳಲು ಉಳಿದವನು ನಾನೊಬ್ಬನೇ.

ಸಮನ್ಸ್ ಬರುತ್ತದೆ ಎಂದು ಕಾದೆ. ಬರಲಿಲ್ಲ. ಕೋರ್ಟಿನ ಕೆಲಸ ನಿಧಾನ ಅಲ್ಲವೇ ಎಂದುಕೊಂಡು ಸುಮ್ಮನಿದ್ದೆ.

ಒಂದು ದಿನ ಮಧ್ಯಾಹ್ನ ಮಾಲೂರಿನ ನಮ್ಮ ಕಚೇರಿಯ ಮೆಟ್ಟಿಲ ಮೇಲೆ ಅಕ್ಕ ಕೂತಿದ್ದಳು. ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಮುರಿದಿದ್ದ ಕೈ ನೆಟ್ಟಗೆ ಕೂಡಿರಲಿಲ್ಲ. ನನ್ನನ್ನು ಕಂಡಕೂಡಲೇ ಎದ್ದು ನಿಂತು, ಕ್ಷೇಮ ಕೂಡ ಕೇಳದೆ, "ಎಂದುಕು ರಾಲೇದು ಸಾ, ಯಾಕ್ ಬರ್ಲಿಲ್ಲ ನೀವು?" ಎಂದಳು.

"ಎಲ್ಲಿಗಕ್ಕ?"

"ಕೋಲ್ಟಿಗೆ. ಹೋದ ತಿಂಗ್ಳು ನಿಮ್ಮೆಸ್ರು ಕೂಗಿದ್ರು. ಸಾರು ರಜದಾಗವ್ರೆ ಅಂತ ಕಾಗ್ದ ಬಂದದೆ ಅಂದ್ರು. ಅವತ್ತೇ ನನ್ ಮೈದ್ನ ಊರೆಲ್ಲಾ ಹೇಳ್ಕೊಂಡು ಬಂದ, ನಿಮ್ ಸಾರು ಬರಲ್ಲ, ನಾನ್ ಮಾತಾಡಿದೀನಿ ಅಂತ. ಈಗ ಯಾರ್ ಭಯಾನೂ ಇಲ್ದಂಗೆ ಗಿಡ ಕೀಳ್ತಾವ್ನೆ. ಕೂಲಿಗೆ ಕರದ್ರೆ ಒಬ್ರೂ ನನ್ ತೋಟಕ್ಕೆ ಕಾಲಿಡಲ್ಲ."

ನಾನು ರಜದಲ್ಲಿರಲಿಲ್ಲ. ಆ ತಿಂಗಳಲ್ಲಿ ಒಂದು ದಿನವೂ ರಜೆ ಹಾಕಿರಲಿಲ್ಲ. ಹಾಗೆಂದು ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು, ನಂಬಲೋ ಬೇಡವೋ ಎಂಬಂತೆ. ಮುಂದಿನ ವಾರವೇ ಮತ್ತೆ ವಾಯಿದೆ ಇದೆ, ಈ ಸಲವೂ ನೀವು ಬರದಿದ್ದರೆ ಸಾಕ್ಷಿ ಮುಗಿಯಿತು ಎಂದು ಬರೆದುಬಿಡುತ್ತಾರಂತೆ, ಸರ್ಕಾರಿ ವಕೀಲರು ಹೇಳಿದರು ಎಂದು ತಿಳಿಸಿ ಸಂಜೆಯ ಬಸ್ಸಿಗೆ ಹೋದಳು.

ಮಾರನೆಯ ದಿನ ರಜೆ ಅರ್ಜಿ ಬರೆದೆ. ತನ್ನ ಸ್ವಂತದ್ದಲ್ಲದ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಲು ಕೋರ್ಟು ಕರೆದರೆ ಸರ್ಕಾರಿ ನೌಕರನಿಗೆ ವಿಶೇಷ ಸಾಂದರ್ಭಿಕ ರಜೆ ಸಿಗುತ್ತದೆ. ಅದಕ್ಕೆ ಕೋರ್ಟಿನ ನೋಟೀಸನ್ನು, ಅಂದರೆ ಆ ಸಮನ್ಸನ್ನು, ಲಗತ್ತಿಸಬೇಕು. ಲಗತ್ತಿಸಲು ನನ್ನ ಹತ್ತಿರ ನೋಟೀಸು ಇರಲಿಲ್ಲ. ಮೊಕದ್ದಮೆಯ ವಿವರ, ತಾರೀಖು, ಇದರಲ್ಲಿ ನನ್ನ ಸ್ವಂತ ಹಿತ ಏನೂ ಇಲ್ಲ ಎಂಬುದು, ಎಲ್ಲವನ್ನೂ ಬರೆದು, ನೋಟೀಸು ಕೈಸೇರಿದ ಕೂಡಲೇ ಹಾಜರುಪಡಿಸುತ್ತೇನೆ ಎಂದು ಕೊನೆಯಲ್ಲಿ ಸೇರಿಸಿ ನಮ್ಮ ಕಚೇರಿಯ ಮುಖ್ಯಸ್ಥರಾಗಿದ್ದ ಅಧಿಕಾರಿಗಳ ಮುಂದಿಟ್ಟೆ.

ಅಧಿಕಾರಿಗಳು ಕೆಟ್ಟವರೇನಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಲಂಚ ಮುಟ್ಟುವವರಲ್ಲ. ಬೆಳಿಗ್ಗೆ ಕಾಫಿ ತರಿಸಿದರೆ ಜವಾನನಿಗೂ ಅರ್ಧ ಲೋಟ ಕೊಡುತ್ತಿದ್ದರು. ಅರ್ಜಿಯನ್ನು ಮೇಲಿಂದ ಕೆಳಗೆ ಓದಿ, "ನೋಟೀಸ್ ಎಲ್ರೀ?" ಎಂದರು.

"ನನಗೆ ಬಂದಿಲ್ಲ ಸರ್. ಹೋದ ಸಲದ್ದೂ ಬರ್ಲಿಲ್ಲ."

"ನೋಟೀಸೇ ಇಲ್ದೆ ಕೋರ್ಟಿಗೆ ಹೋಗ್ತೀನಿ ಅಂತೀರಲ್ರೀ, ಯಾರ್ ಕರೆದ್ರು ನಿಮ್ಮನ್ನ? ನಾಳೆ ಆಡಿಟ್‌ನೋರು ಕೇಳಿದ್ರೆ ನಾನೇನ್ ತೋರಿಸ್ಲಿ?"

ಅಷ್ಟು ಹೇಳಿ ಅರ್ಜಿಯ ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಬರೆದರು: ನೋಟೀಸು ಲಗತ್ತಿಸಿಲ್ಲ, ತಿರಸ್ಕರಿಸಿದೆ. ಸಹಿ, ತಾರೀಖು. ಅಕ್ಷರ ಮುತ್ತಿನಂತಿತ್ತು. ನಾನು ಅದನ್ನು ಮಡಚಿ ಜೇಬಿಗಿಟ್ಟುಕೊಂಡೆ. ಏನು ಬೇಕಾದರೂ ಮಾಡಿಕೊಳ್ಳಲಿ ಎಂದು ವಾಯಿದೆಯ ದಿನ ಮೊದಲ ಬಸ್ಸಿಗೆ ಕೋಲಾರಕ್ಕೆ, ಅಲ್ಲಿಂದ ಮುಳಬಾಗಿಲಿಗೆ ಹೋದೆ.

ಕೋರ್ಟಿನ ಜಗಲಿಯಲ್ಲಿ ಅಕ್ಕ ನನ್ನನ್ನು ನೋಡಿ ಸೆರಗಿನಿಂದ ಮುಖ ಒರೆಸಿಕೊಂಡಳು, ಅಷ್ಟೆ. ಮೈದುನ ಬೀಡಿ ಸೇದುತ್ತ ನಿಂತಿದ್ದವನು ಬೀಡಿ ಎಸೆದು ಒಳಗೆ ಹೋದ. ಮಧ್ಯಾಹ್ನವಾಗುವ ಹೊತ್ತಿಗೆ ನಮ್ಮ ಮೊಕದ್ದಮೆ ಕೂಗಿದರು. ಗುಮಾಸ್ತರು ಕಡತ ತಿರುವಿ, ಮಾಲೂರಿನ ಸಾಕ್ಷಿ ರಜೆಯಲ್ಲಿದ್ದಾರೆ, ಸಮನ್ಸ್ ಜಾರಿಯಾಗದೆ ವಾಪಸು ಬಂದಿದೆ ಎಂದು ಓದಿದರು.

"ನಾನು ಇಲ್ಲೇ ಇದೀನಿ ಸ್ವಾಮಿ," ಎಂದೆ.

ಎದುರು ಪಕ್ಷದ ವಕೀಲರು ಎದ್ದು ನಿಂತರು. ಸಮನ್ಸೇ ಜಾರಿಯಾಗದ ಸಾಕ್ಷಿ ತಾನಾಗಿಯೇ ಅಷ್ಟು ದೂರದಿಂದ ಓಡಿಬರುತ್ತಾನೆಂದರೆ ಅವನಿಗೂ ಫಿರ್ಯಾದಿಗೂ ಏನೋ ಸಂಬಂಧವಿರಬೇಕು ಎಂದರು. ಸಂಬಂಧ ಎನ್ನುವ ಮಾತನ್ನು ಅವರು ಎಳೆದು ಹೇಳಿದ ರೀತಿಗೆ ಹಿಂದಿನ ಬೆಂಚಿನಲ್ಲಿ ಇಬ್ಬರು ನಕ್ಕರು. ಅಕ್ಕ ತಲೆ ತಗ್ಗಿಸಿದಳು. ಅಲ್ಲೇ ಆ ವಕೀಲರ ಕೊರಳಪಟ್ಟಿ ಹಿಡಿಯಬೇಕು ಎನ್ನಿಸಿತು. ಜೇಬಿನಲ್ಲಿದ್ದ ಅರ್ಜಿಯನ್ನು ತೆಗೆದು ಮ್ಯಾಜಿಸ್ಟ್ರೇಟರಿಗೆ ಕೊಟ್ಟೆ.

ಅವರು ಕಡತದಿಂದ ವಾಪಸು ಬಂದಿದ್ದ ಸಮನ್ಸನ್ನೂ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ನನ್ನನ್ನು ಹತ್ತಿರ ಕರೆದು ತೋರಿಸಿದರು. ಸರ್ಕಾರಿ ನೌಕರನಿಗೆ ಕೋರ್ಟು ಸಮನ್ಸನ್ನು ಅವನ ಕಚೇರಿಯ ಮುಖ್ಯಸ್ಥರಿಗೆ ಕಳಿಸುತ್ತದೆ, ಎರಡು ಪ್ರತಿ. ಒಂದನ್ನು ನೌಕರನ ಕೈಗೆ ಕೊಟ್ಟು, ಇನ್ನೊಂದರ ಬೆನ್ನ ಮೇಲೆ ಅವನ ಸಹಿ ಹಾಕಿಸಿ ವಾಪಸು ಕಳಿಸುವುದು ಮುಖ್ಯಸ್ಥರ ಕೆಲಸ. ಇಲ್ಲಿ ಎರಡೂ ಪ್ರತಿ ಹಾಗೇ ವಾಪಸು ಬಂದಿದ್ದವು. ಬೆನ್ನ ಮೇಲೆ ಅದೇ ಹಸಿರು ಶಾಯಿ, ಅದೇ ಮುತ್ತಿನ ಅಕ್ಷರ: ನೌಕರರು ರಜೆಯಲ್ಲಿರುತ್ತಾರೆ. ಬರೆದದ್ದು ನನ್ನ ಅರ್ಜಿಯನ್ನು ತಿರಸ್ಕರಿಸಿದ ದಿನವೇ. ಕೋರ್ಟಿಗೆ ನಾನು ರಜೆಯಲ್ಲಿದ್ದೇನೆ ಎಂದು ಬರೆದ ಕೈಯೇ, ನೋಟೀಸು ಇಲ್ಲವೆಂದು ನನಗೆ ರಜೆ ಇಲ್ಲ ಎಂದು ಬರೆದಿತ್ತು. ನೋಟೀಸು ಎಲ್ರೀ ಎಂದು ಕೇಳುವಾಗ ಅದು ಅವರ ಮೇಜಿನ ಮೇಲೆಯೇ ಇದ್ದಿರಬೇಕು.

ಮ್ಯಾಜಿಸ್ಟ್ರೇಟರು ಒಂದು ಪ್ರತಿಯನ್ನು ಅಲ್ಲೇ ನನಗೆ ಕೊಡಿಸಿ, ಇನ್ನೊಂದರ ಮೇಲೆ ನನ್ನ ಸಹಿ ಹಾಕಿಸಿದರು. ನಾನು ಕಟಕಟೆಗೆ ಹತ್ತಿದೆ. ಕಂಡದ್ದನ್ನು ಕಂಡಂತೆ ಹೇಳಿದೆ. ವಕೀಲರು ತಿರುಗಿಸಿ ಮುರುಗಿಸಿ ಕೇಳಿದರು. ಸಿಟ್ಟಿನಲ್ಲಿದ್ದವನಿಗೆ ನೆನಪು ಚೆನ್ನಾಗಿರುತ್ತದೆ ಎಂದು ಕಾಣುತ್ತದೆ, ಒಂದು ಮಾತೂ ಹೆಚ್ಚುಕಮ್ಮಿ ಆಗಲಿಲ್ಲ. ಹೊರಡುವಾಗ ನಾನು ಹಾಜರಾಗಿದ್ದೆ ಎಂದು ಕೋರ್ಟಿನಿಂದ ಸರ್ಟಿಫಿಕೇಟು ಕೊಟ್ಟರು.

ಮಾರನೆಯ ದಿನ ಹೊಸ ಅರ್ಜಿ ಬರೆದು, ನೋಟೀಸನ್ನೂ ಸರ್ಟಿಫಿಕೇಟನ್ನೂ ಗುಂಡುಸೂಜಿಯಿಂದ ಚುಚ್ಚಿ ಅಧಿಕಾರಿಗಳ ಮೇಜಿನ ಮೇಲಿಟ್ಟೆ. ಕೂತ್ಕೊಳ್ರೀ ಎಂದರು. ನಾನು ಕೂರಲಿಲ್ಲ.

"ಯಾಕೆ ಸರ್ ಹೀಗ್ ಮಾಡಿದ್ರಿ?"

ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಅಯ್ಯೋ, ಇದೇನ್ ಹೊಸದಾ? ಹಿಂದಿನೋರೂ ಹಿಂಗೇ ಮಾಡ್ತಿದ್ರು. ಇರೋದೇ ನಾಲ್ಕು ಜನ, ಸಮನ್ಸ್ ಬಂದಾಗೆಲ್ಲಾ ಕಳಿಸ್ತಾ ಕೂತ್ರೆ ಫೀಲ್ಡ್ ಕೆಲಸ ಯಾರ್ ಮಾಡ್ತಾರೆ? ರಜದಲ್ಲಿದ್ದಾರೆ ಅಂತ ಬರೆದ್ರೆ ಕೋರ್ಟ್‌ನೋರು ಇನ್ನೊಂದ್ ಡೇಟ್ ಕೊಡ್ತಾರೆ. ಎರಡ್ ಮೂರ್ ಸಲ ಆದ್ಮೇಲೆ ಅವ್ರೇ ಬಿಟ್ಬಿಡ್ತಾರೆ. ಕಟಕಟೆ ಹತ್ತಿ ಬೈಸ್ಕೊಳ್ಳೋದ್ ತಪ್ಪಿಸಿದ್ನಲ್ರೀ, ನಿಮಗೆ ಉಪಕಾರಾನೇ ಮಾಡಿದ್ದು."

ಯಾರೋ ದುಡ್ಡು ಕೊಟ್ಟು ಮಾಡಿಸಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ಮೈದುನ ತಾನು ಮಾತಾಡಿದ್ದೇನೆ ಎಂದು ಕೊಚ್ಚಿಕೊಂಡದ್ದು ಬರೀ ಸುಳ್ಳು. ಅವನು ಮಾತಾಡಬೇಕಾದ ಅಗತ್ಯವೇ ಇರಲಿಲ್ಲ. ನಮ್ಮ ಕಚೇರಿ ಅವನ ಕೆಲಸವನ್ನು ಬಿಟ್ಟಿಯಾಗಿ, ಅಭ್ಯಾಸಬಲದಿಂದ, ಕಾಫಿ ಕುಡಿಯುತ್ತ ಮಾಡಿಕೊಟ್ಟಿತ್ತು. ನಾನು ಆ ದಿನ ಏನೇನು ಕೂಗಾಡಿದೆ ಎಂದು ಬರೆಯುವುದಿಲ್ಲ. ಬೀದಿಯಲ್ಲಿ ಹೋಗುವವರು ನಿಂತು ಕೇಳಿದರು. ಕೋರ್ಟಿನಿಂದ ಅಧಿಕಾರಿಗಳಿಗೆ ವಿವರಣೆ ಕೇಳಿ ನೋಟೀಸು ಬಂತು. ಅವರು ಹೋಗಿ ಕೆಲಸದ ಒತ್ತಡ, ತಪ್ಪಾಯಿತು ಎಂದರು. ಮ್ಯಾಜಿಸ್ಟ್ರೇಟರು ಎಚ್ಚರಿಕೆ ಕೊಟ್ಟು ಬಿಟ್ಟರು. ನನ್ನ ರಜೆ ಮಂಜೂರಾಯಿತು.

ಮೈದುನನಿಗೆ ಶಿಕ್ಷೆಯಾಯಿತು ಎಂಬ ಸುದ್ದಿ ಕೆಲವು ತಿಂಗಳ ನಂತರ ಬಂತು. ನಾನು ಖುಷಿಯಿಂದ, ಗೆದ್ದವನ ಹಾಗೆ ಅಕ್ಕನ ಊರಿಗೆ ಹೋದೆ. ಅವಳು ಬಾಗಿಲಲ್ಲೇ ಸಿಕ್ಕಿ ಕೂರಿಸಿ ನೀರು ಕೊಟ್ಟಳು. ಹುಳದ ತಟ್ಟೆಗಳನ್ನು ಗೋಡೆಗೆ ಒರಗಿಸಿ ಇಟ್ಟಿದ್ದಳು, ಬರಿದು. ಹಿಂದಿನ ಬಾಗಿಲು ತೆರೆದೇ ಇತ್ತು. ತೋಟ ಇದ್ದ ಕಡೆ ಮೊಳಕಾಲೆತ್ತರ ರಾಗಿ ಪೈರು ನಿಂತಿತ್ತು. ನಾನು ರಜೆಯಲ್ಲಿದ್ದೇನೆ ಎಂದು ಕೋರ್ಟಿನಲ್ಲಿ ಮೊದಲ ಸಲ ಓದಿದ ದಿನದಿಂದ ಶುರುಮಾಡಿ ಅವನು ಹಿಪ್ಪುನೇರಳೆಯನ್ನು ಒಂದು ಬುಡ ಬಿಡದೆ ಕಿತ್ತು, ಉತ್ತು, ಬಿತ್ತಿದ್ದ. ಜಮೀನಿನ ತಕರಾರಿಗೆ ಸಿವಿಲ್ ದಾವೆ ಹಾಕಿಕೊಳ್ಳಿ, ಇಲ್ಲಿ ಕೈ ಮುರಿದದ್ದಕ್ಕಷ್ಟೇ ಶಿಕ್ಷೆ ಎಂದು ಸರ್ಕಾರಿ ವಕೀಲರು ಅವಳಿಗೆ ಹೇಳಿದ್ದರಂತೆ.

"ಅಂತೂ ಶಿಕ್ಷೆ ಆಯ್ತಲ್ಲ ಅಕ್ಕ" ಎಂದೆ.

"ಆಯ್ತು ಸಾ, ನೀವು ಬಂದಿದ್ಕೆ ಆಯ್ತು," ಎಂದಳು. ರಾಗಿಯ ಕಡೆ ನೋಡಿ, "ಹುಳಕ್ಕೆ ಏನ್ ಹಾಕ್ಲಿ?" ಎಂದಳು.